ಸ್ಕೋರ್ ನಂಬಲೋ, ಸಾಲು ಸಾಲೂ ಓದಲೋ: 1961ರ ಜನಗಣತಿ ಕೋಷ್ಟಕ ಬಿಡಿಸಿದ ಕಥೆ

ಗೆಳತಿಯೊಬ್ಬಳು ಕಂಬಳಿ ನೇಯುವ ಹಳ್ಳಿಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದಾಳೆ. 1961ರಲ್ಲಿ ಬಯಲುಸೀಮೆಯ ಯಾವ ಯಾವ ಹಳ್ಳಿಯಲ್ಲಿ ಎಷ್ಟು ಜನ ಮನೆಗಸುಬಿನಲ್ಲಿದ್ದರು ಎಂಬುದು ಅವಳಿಗೆ ಬೇಕಿತ್ತು. ಆ ಲೆಕ್ಕ ಇರುವುದು ಅಂದಿನ ಮೈಸೂರು ರಾಜ್ಯದ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ. ಅದರ ಸ್ಕ್ಯಾನ್ ಪಿಡಿಎಫ್ ಸಿಕ್ಕಿತ್ತು, ಆದರೆ ಎಲ್ಲವೂ ಬರೀ ಚಿತ್ರ. "ನಿನಗೆ ಈ ಚಿತ್ರದಿಂದ ಅಕ್ಷರ ಓದಿಸುವ ಒಸಿಆರ್ ಎಲ್ಲ ಬರುತ್ತಲ್ಲಾ, ಒಂದು ಎಕ್ಸೆಲ್ ಮಾಡಿಕೊಡು ಮಾರಾಯ" ಅಂದಳು. ಒಂದು ವಾರದ ಕೆಲಸ ಎಂದುಕೊಂಡು ಹೂಂ ಅಂದೆ. ಅಂಕಿಗಳನ್ನು ಹೊರತೆಗೆಯಲು ವಾರವೂ ಹಿಡಿಯಲಿಲ್ಲ. ತೆಗೆದದ್ದು ಸರಿಯೇ ಎಂದು ನೋಡುವುದರಲ್ಲೇ ತಿಂಗಳು ಕಳೆಯಿತು. ಈ ಬರಹ ಆ ತಿಂಗಳ ಬಗ್ಗೆ.

ಮೊದಲು ಕೋಷ್ಟಕದ ಸ್ವರೂಪ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಹಳ್ಳಿಗೆ ಒಂದು ಸಾಲು, ಎದುರುಬದುರಿನ ಎರಡು ಪುಟಗಳಿಗೆ ಹಬ್ಬಿಕೊಂಡದ್ದು. ಸಾಲಿಗೆ 34 ಅಂಕಿ: ವಿಸ್ತೀರ್ಣ, ವಾಸದ ಮನೆಗಳು, ಕುಟುಂಬಗಳು; ಒಟ್ಟು ಜನ, ಗಂಡು, ಹೆಣ್ಣು; ಆಮೇಲೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು, ಒಟ್ಟು ದುಡಿಯುವವರು, ಪ್ರತಿಯೊಂದಕ್ಕೂ ಗಂಡು ಹೆಣ್ಣು ಬೇರೆ ಬೇರೆ. ಅದಾದ ಮೇಲೆ ದುಡಿಯುವವರ ಒಂಬತ್ತು ವರ್ಗ, ಕೊನೆಗೆ ಹತ್ತನೆಯದಾಗಿ ದುಡಿಯದವರು, ಇಲ್ಲೂ ಗಂಡು ಹೆಣ್ಣು ಬೇರೆ ಬೇರೆ. 1ನೇ ವರ್ಗ ಸ್ವಂತ ಬೇಸಾಯ, 2ನೆಯದು ಕೃಷಿ ಕೂಲಿ, 3ರಲ್ಲಿ ಗಣಿ, ಪಶುಪಾಲನೆ, ಕಾಡು, ಮೀನುಗಾರಿಕೆ, ತೋಟ. 4ನೆಯದು ಮನೆಗಸುಬು, ಗೆಳತಿಗೆ ಬೇಕಾದದ್ದು ಅದೇ. ಯಾವುದಾದರೂ ವರ್ಗದಲ್ಲಿ ಯಾರೂ ಇಲ್ಲದಿದ್ದರೆ ಸೊನ್ನೆ ಅಚ್ಚಾಗಿಲ್ಲ, ಎರಡು ಚುಕ್ಕಿ ಇದೆ. ಆ ಎರಡು ಚುಕ್ಕಿ ನನ್ನ ಹೊಟ್ಟೆ ಉರಿಸಿದಷ್ಟು ಬೇರಾವುದೂ ಉರಿಸಲಿಲ್ಲ.

ಜನವಸತಿ ಇರುವ ಹಳ್ಳಿಗಳು 1,180, ಅಂದರೆ 40,120 ಸೆಲ್. ಜೊತೆಗೆ ತೊಂಬತ್ತಾರು ಬೇಚರಾಕ್ ಗ್ರಾಮಗಳ ಸಾಲು. ಅವಕ್ಕೆ ಅಂಕಿಯೇ ಇಲ್ಲ, ಸಾಲಿಗೆ ಅಡ್ಡಲಾಗಿ ನಿರ್ಜನ ಎಂಬರ್ಥದ ಒಂದು ಇಂಗ್ಲಿಷ್ ಪದ ಅಷ್ಟೆ.

ಮೊದಲ ದಿನ ಮಾಡಿದ್ದು ಇಷ್ಟು:

```
pdftoppm -r 300 -gray -png book.pdf p
tesseract p-041.png p-041 --psm 6 -l eng \
  -c tessedit_char_whitelist=0123456789 tsv
```

ಕೊನೆಯ ಪದ `tsv` ಹಾಕಿದರೆ ಟೆಸರಾಕ್ಟ್ ಎಂಬ ಈ ಒಸಿಆರ್ ತಂತ್ರಾಂಶ ಪ್ರತಿ ಪದದ ಜೊತೆ ಅದು ಪುಟದ ಎಲ್ಲಿ ಇತ್ತು ಎಂಬುದನ್ನೂ `conf` ಎಂಬ ಕಾಲಂನಲ್ಲಿ 0ಯಿಂದ 100ರವರೆಗೆ ಒಂದು ಕಾನ್ಫಿಡೆನ್ಸ್ ಸ್ಕೋರನ್ನೂ, ಅಂದರೆ ತನ್ನ ಓದಿನ ಮೇಲೆ ತನಗೆಷ್ಟು ಭರವಸೆ ಎಂಬ ಅಂಕವನ್ನೂ ಕೊಡುತ್ತದೆ. ಊರ ಹೆಸರುಗಳಿಗೆ ಬೇರೆಯಾಗಿ ಓಡಿಸಿದೆ, ಅದು ಇಲ್ಲಿ ಬೇಡ. ಒಂದು ಸಾಲಿನ ಪದಗಳನ್ನು ಎಡದಿಂದ ಬಲಕ್ಕೆ ಜೋಡಿಸಿ 34 ಕಾಲಂಗೆ ಹಂಚುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಸಾಲಿನಲ್ಲಿ 34ಕ್ಕಿಂತ ಕಡಿಮೆ ಸಿಕ್ಕರೆ, ಎಲ್ಲಿ ಅತಿ ದೊಡ್ಡ ಅಂತರ ಇದೆಯೋ ಅಲ್ಲಿ ಖಾಲಿ ತುಂಬು ಎಂದು ಹೇಳಿಕೊಟ್ಟೆ. ಆ ಸಂಜೆ ಇದು ಬಲು ಜಾಣತನ ಅನ್ನಿಸಿತ್ತು.

ಫೈಲ್ ಬಂತು. ನೋಡಲು ಚೆಂದವಾಗಿತ್ತು. ಇನ್ನು ಪರಿಶೀಲನೆ. ಮುಂದೆ ಎರಡು ದಾರಿ ಕಂಡವು. ಒಂದು, ಸ್ಕೋರ್ 80ಕ್ಕಿಂತ ಕಡಿಮೆ ಇರುವ ಸೆಲ್‌ಗಳನ್ನಷ್ಟೇ ನೋಡಿ ಮುಗಿಸುವುದು. ಇನ್ನೊಂದು, ಪುಟ ಪಕ್ಕಕ್ಕಿಟ್ಟುಕೊಂಡು 40,120 ಸೆಲ್‌ಗಳನ್ನೂ ಓದುವುದು. ಎರಡನೆಯದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಇಟ್ಟು ಇಪ್ಪತ್ತು ಸಾಲು ಓದಿದೆ: 35 ನಿಮಿಷ. ಆ ಲೆಕ್ಕದಲ್ಲಿ ಇಡೀ ಪುಸ್ತಕಕ್ಕೆ ಮೂವತ್ತನಾಲ್ಕು ಗಂಟೆ ಚಿಲ್ಲರೆ. ಆಫೀಸು ಮುಗಿಸಿ ಬಂದು ದಿನಾ ಎರಡು ಗಂಟೆ ಕೂತರೂ ಹದಿನೇಳು ಸಂಜೆ.

ಮನಸ್ಸು ಸಹಜವಾಗಿ ಮೊದಲ ದಾರಿಗೆ ವಾಲಿತು. ಆದರೆ ಸ್ಕೋರ್ 90 ಅಂದರೆ ನೂರರಲ್ಲಿ ತೊಂಬತ್ತು ಸರಿ ಎಂದು ಅರ್ಥವೇ? ನನ್ನ ಪುಟಗಳ ಮಟ್ಟಿಗೆ ಅದು ಏನು ಹೇಳುತ್ತದೆ ಎಂಬುದನ್ನು ಅಳೆಯದೆ ನಂಬುವುದು, ತಕ್ಕಡಿ ನೋಡದೆ ಬೆಲ್ಲ ಕೊಂಡ ಹಾಗೆ. ಹಾಗಾಗಿ ಒಂದು ಮಾದರಿ ತೆಗೆದೆ. ಸೆಲ್‌ಗಳನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಿಂದ ಚೀಟಿ ಎತ್ತಿದ ಹಾಗೆ 200 ಆರಿಸಿ, ಪುಟದ ಜೊತೆ ಕೈಯಾರೆ ಹೋಲಿಸಿದೆ.

ನಾಲ್ಕು ಗುಂಪು ಏಕೆ ಎಂದರೆ, ಸ್ಕೋರ್ ಹೆಚ್ಚು, ಮಧ್ಯಮ, ಕಡಿಮೆ ಎಂಬ ಮೂರರ ಜೊತೆಗೆ ಸ್ಕೋರೇ ಇಲ್ಲದ ಇನ್ನೊಂದು ರಾಶಿ ಇತ್ತು: ಖಾಲಿ ಸೆಲ್‌ಗಳು. ಯಂತ್ರ ಏನನ್ನಾದರೂ ಓದಿದರೆ ತಾನೆ ಸ್ಕೋರ್ ಕೊಡುವುದು. ಅದು ಕಾಣದೇ ಹೋದದ್ದರ ಬಗ್ಗೆ ಅದಕ್ಕೆ ಅನುಮಾನವೂ ಇರುವುದಿಲ್ಲ, ಭರವಸೆಯೂ ಇರುವುದಿಲ್ಲ. ನನ್ನ ಫೈಲಿನಲ್ಲಿ ಅಂಥವು 9,400 ಇದ್ದವು, ಹೆಚ್ಚುಕಡಿಮೆ ಕಾಲು ಭಾಗ. 80ಕ್ಕಿಂತ ಕಡಿಮೆ ಎಂದು ಫಿಲ್ಟರ್ ಹಾಕಿದರೆ ಇವು ಒಂದೂ ಮೇಲೆ ಬರುತ್ತಿರಲಿಲ್ಲ.

ಮಾದರಿ ಹೇಳಿದ್ದು ಹೀಗೆ. 60ಕ್ಕಿಂತ ಕಡಿಮೆ ಸ್ಕೋರಿನ 1,520 ಸೆಲ್‌ಗಳಲ್ಲಿ ಆರಿಸಿದ 200ಕ್ಕೆ 71 ತಪ್ಪು. 60ರಿಂದ 90ರ ನಡುವಿನ 4,600ರಲ್ಲಿ 200ಕ್ಕೆ 18. ಖಾಲಿ ಸೆಲ್‌ಗಳಲ್ಲಿ 200ಕ್ಕೆ 11. ಸ್ಕೋರ್ 90 ಮತ್ತು ಮೇಲಿನ 24,600ರಲ್ಲಿ 200ಕ್ಕೆ ಬರೀ 5. ಇಷ್ಟು ನೋಡಿದರೆ ಸ್ಕೋರ್ ತನ್ನ ಕೆಲಸ ಚೆನ್ನಾಗಿಯೇ ಮಾಡಿದೆ, ಕಡಿಮೆ ಇದ್ದಲ್ಲಿ ತಪ್ಪು ದಟ್ಟವಾಗಿದೆ. ಮೋಸ ಇರುವುದು ಗುಂಪಿನ ಗಾತ್ರದಲ್ಲಿ. ಪ್ರತಿ ಗುಂಪಿನ ತಪ್ಪಿನ ಪ್ರಮಾಣವನ್ನು ಆ ಗುಂಪಿಗೆ ಗುಣಿಸಿ: ಕೆಳಗಿನ ಗುಂಪಿನಲ್ಲಿ ಸುಮಾರು 540 ತಪ್ಪು, ಮಧ್ಯದಲ್ಲಿ 414, ಖಾಲಿಗಳಲ್ಲಿ 517, ಮೇಲಿನ ಗುಂಪಿನಲ್ಲಿ 615. ಒಟ್ಟು ಎರಡು ಸಾವಿರದ ಮೇಲೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕೋರ್ ಬೆರಳು ತೋರಿಸದ ಜಾಗದಲ್ಲೇ. ಫಿಲ್ಟರ್ ಹಾಕಿ, ಬಂದದ್ದನ್ನೆಲ್ಲ ಶ್ರದ್ಧೆಯಿಂದ ತಿದ್ದಿ, ಮುಗಿಯಿತು ಎಂದು ಕೈ ತೊಳೆದುಕೊಂಡಿದ್ದರೆ ಸಾವಿರಕ್ಕೂ ಹೆಚ್ಚು ತಪ್ಪು ಗೆಳತಿಯ ಕೈಗೆ ಹೋಗುತ್ತಿತ್ತು.

ಈ 615ನ್ನು ಕಣ್ಣಿಗೊತ್ತಿಕೊಳ್ಳಬೇಡಿ. 200ರಲ್ಲಿ 5 ಎಂಬುದು ಸಣ್ಣ ಮಾದರಿ. ಶೇ 95ರ ಲೆಕ್ಕದಲ್ಲಿ ನಿಜವಾದ ಪ್ರಮಾಣ ಶೇ 0.8ರಿಂದ 5.7ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ 200 ತಪ್ಪೂ ಇರಬಹುದು, 1,400 ಕೂಡ. ಆದರೆ ನನಗೆ ಬೇಕಾಗಿದ್ದ ಉತ್ತರಕ್ಕೆ ಅಷ್ಟು ಸಾಕಿತ್ತು, ಯಾಕೆಂದರೆ 200 ಆದರೂ ಅದು ಉಪೇಕ್ಷೆ ಮಾಡುವಂಥದ್ದಲ್ಲ.

ಅದಕ್ಕಿಂತ ಮುಖ್ಯವಾದದ್ದು ಆ ಐದು ತಪ್ಪುಗಳ ಜಾತಿ. ಒಂದರಲ್ಲಿ ಮಾತ್ರ 3ನ್ನು 8 ಎಂದು ಓದಿತ್ತು. ಉಳಿದ ನಾಲ್ಕರಲ್ಲಿ ಅಂಕಿ ಸರಿಯಾಗಿಯೇ ಇತ್ತು, ಕೂತ ಕಾಲಂ ತಪ್ಪು. ಟೆಸರಾಕ್ಟ್‌ನ ಸ್ಕೋರ್ ಹೇಳುವುದು "ಈ ಗುರುತು 11 ಎಂಬುದರಲ್ಲಿ ನನಗೆ ಅನುಮಾನವಿಲ್ಲ" ಎಂದಷ್ಟೆ. "ಈ 11 ಮನೆಗಸುಬಿನದು" ಎಂದು ಅದು ಯಾವತ್ತೂ ಹೇಳಿಲ್ಲ. ಅದನ್ನು ಹೇಳಿದ್ದು ನನ್ನ ಸ್ಕ್ರಿಪ್ಟ್, ಅದಕ್ಕೆ ಸ್ಕೋರೇ ಇರಲಿಲ್ಲ.

ಹಾಗಾದರೆ ಪೂರ್ತಿ ಓದುವುದೇ ಸರಿ ಅಂತೀರಾ? ನಾನೂ ಅದನ್ನೇ ಅಂದುಕೊಂಡೆ. ಆದರೆ ಯಂತ್ರವನ್ನು ಅಳೆದವನು ನನ್ನ ಕಣ್ಣನ್ನೂ ಅಳೆಯಬೇಕಲ್ಲ. ಗೆಳತಿಗೆ ನಾನು ಆಗಲೇ ತಿದ್ದಿ ಖಚಿತ ಮಾಡಿಕೊಂಡಿದ್ದ 60 ಸಾಲು ಕಳಿಸಿ, "ಇದರಲ್ಲಿ ನಿನಗಿಷ್ಟ ಬಂದ ಕಡೆ 30 ತಪ್ಪು ಸೇರಿಸಿ ವಾಪಸ್ ಕಳಿಸು, ಎಲ್ಲಿ ಅಂತ ಹೇಳಬೇಡ" ಎಂದೆ. ಅವಳು ಖುಷಿಯಿಂದ ಮಾಡಿದಳು. ಒಂದೂಮುಕ್ಕಾಲು ಗಂಟೆ ಕೂತು ಓದಿ 24 ಹಿಡಿದೆ. ತಪ್ಪಿಸಿಕೊಂಡ ಆರರಲ್ಲಿ ನಾಲ್ಕು ಕೊನೆಯ ಇಪ್ಪತ್ತು ಸಾಲಿನವು, ಕಣ್ಣು ಬತ್ತಿ ಹೋದ ಮೇಲಿನವು. 67 ಇದ್ದಲ್ಲಿ 76 ಬರೆದಿದ್ದಳು, ಅದರ ಮೇಲೆ ಬೆರಳಿಟ್ಟು ಓದಿಯೂ ಮುಂದೆ ಹೋಗಿದ್ದೆ. ಅಂದರೆ ಮೂವತ್ತನಾಲ್ಕು ಗಂಟೆ ತಪಸ್ಸು ಮಾಡಿದ ಮೇಲೂ ಐದರಲ್ಲಿ ಒಂದು ತಪ್ಪು ಉಳಿಯುತ್ತಿತ್ತು, ಸುಮಾರು ನಾನೂರು. ಯಾವುದು ಎಂದು ಗೊತ್ತಾಗದ ನಾನೂರು.

ಎರಡೂ ದಾರಿ ಮುಚ್ಚಿದಂತಾಯಿತು. ಒಂದು ವಾರ ಫೈಲ್ ಮುಟ್ಟಲಿಲ್ಲ.

ದಾರಿ ತೋರಿಸಿದ್ದು ಸೋದರಮಾವ. ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಆ ಪುಟ ನೋಡಿ, "ಕೆಳಗೆ ತಾಲ್ಲೂಕಿನ ಒಟ್ಟು ಕೊಟ್ಟವ್ನೆ, ಅಡ್ಡಕ್ಕೂ ಕೂಡಿದ್ರೆ ಬರ್ತದೆ. ತಾಳೆ ನೋಡೋದು ಬಿಟ್ಟು ಒಂದೊಂದೇ ಅಂಕಿ ಕಣ್ಣಲ್ಲಿ ಓದ್ತಾ ಕೂತಿದ್ದೀಯಲ್ಲೋ" ಎಂದು ನಕ್ಕರು. ಅಡ್ಡಕ್ಕೂ ಉದ್ದಕ್ಕೂ ಕೂಡಿ ತಾಳೆ ಹಾಕುವುದು ಅವರಿಗೆ ಉಸಿರಾಡಿದಷ್ಟು ಸಹಜ. ನನಗೆ ಹೊಳೆಯದೇ ಹೋದದ್ದು ಯಾಕೆಂದರೆ ನಾನು ಈ ಕೋಷ್ಟಕವನ್ನು 40,120 ಬಿಡಿ ಚಿತ್ರಗಳಾಗಿ ನೋಡುತ್ತಿದ್ದೆ, ಅವರು ಲೆಕ್ಕವಾಗಿ ನೋಡಿದರು.

ಬೆಂಗಳೂರಿಗೆ ಮರಳಿದ ರಾತ್ರಿಯೇ ಪ್ರತಿ ಸಾಲಿಗೆ ಐದು ತಾಳೆ ಬರೆದೆ:

```
def tally(r):
    return [
        r.P  == r.M + r.F,
        r.TM == sum(r.catM),   # 1..9, male
        r.TF == sum(r.catF),   # 1..9, female
        r.M  == r.TM + r.XM,
        r.F  == r.TF + r.XF,
    ]
```

ಈ ಐದು ಸಮೀಕರಣ ಸಾಲಿನ 34ರಲ್ಲಿ 25 ಅಂಕಿಗಳನ್ನು ಹಿಡಿಯುತ್ತವೆ. ಹೊರಗೆ ಉಳಿಯುವುದು ಒಂಬತ್ತು: ವಿಸ್ತೀರ್ಣ, ಮನೆ, ಕುಟುಂಬ, ಮತ್ತು ಪರಿಶಿಷ್ಟ ಜಾತಿ, ಪಂಗಡ, ಅಕ್ಷರಸ್ಥರ ಆರು ಕಾಲಂ. ಓಡಿಸಿದರೆ 431 ಸಾಲು ತಾಳೆಯಾಗಲಿಲ್ಲ. ಇಷ್ಟೊಂದು ಸಾಲು ಒಡೆದಿದ್ದರೆ ಕೂತು ತಿದ್ದುವುದು ದಡ್ಡತನ, ಕಾರಣ ಒಂದೇ ಇರುತ್ತದೆ. ಕಾರಣ ಆ ಎರಡು ಚುಕ್ಕಿ. ಅಂಕಿ ಬಿಟ್ಟು ಬೇರೇನೂ ಓದಬೇಡ ಎಂದು `whitelist` ಕೊಟ್ಟವನು ನಾನೇ. ಚುಕ್ಕಿಗಳು ಮಾಯವಾಗಿದ್ದವು, ಸಾಲು ಮೊಟಕಾಗಿತ್ತು, ನನ್ನ ಜಾಣ ಸ್ಕ್ರಿಪ್ಟ್ ಖಾಲಿಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿತ್ತು.

ಆದರೆ ತಾಳೆಯಾಗದ ಸಾಲುಗಳಿಗಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ತಾಳೆಯಾದ ಒಂದು ಸಾಲು. ಗೆಳತಿ ಹೋಗಿ ಬಂದಿದ್ದ ಹಳ್ಳಿ ಅದು, "ಅಲ್ಲಿ ಮಗ್ಗ ಇದ್ದವು, ಮನೆಗಸುಬು ಇಷ್ಟು ಕಡಿಮೆ ಇರಲಾರದು" ಎಂದು ಹಟ ಹಿಡಿದಳು. ಒಟ್ಟು ಜನ 412, ಗಂಡು 215, ಹೆಣ್ಣು 197. ಸರಿ. ದುಡಿಯುವ ಗಂಡಸರು 128, ದುಡಿಯದವರು 87, ಕೂಡಿದರೆ 215. ಸರಿ. ಹೆಂಗಸರು 74 ಮತ್ತು 123, ಕೂಡಿದರೆ 197. ಸರಿ. ಪುಟದಲ್ಲಿ ಗಂಡಸರ ವರ್ಗಗಳು ಹೀಗಿದ್ದವು: ಬೇಸಾಯ 81, ಕೂಲಿ 19, 3ನೇ ವರ್ಗ ಚುಕ್ಕಿ, ಮನೆಗಸುಬು 11, 5ರಲ್ಲಿ 3, 6ರಲ್ಲಿ ಚುಕ್ಕಿ, 7ರಲ್ಲಿ 4, 8ರಲ್ಲಿ 2, 9ರಲ್ಲಿ 8. ಒಟ್ಟು 128. ನನ್ನ ಫೈಲಿನಲ್ಲಿ: 81, 19, 11, 3, ಖಾಲಿ, ಖಾಲಿ, 4, 2, 8. ಒಟ್ಟು ಅದೇ 128. ಎರಡು ವರ್ಗದ ಚುಕ್ಕಿ ಕಳೆದಿತ್ತು, ಗಂಡು ಹೆಣ್ಣು ಸೇರಿ ನಾಲ್ಕು ಸೆಲ್. ಸ್ಕ್ರಿಪ್ಟ್ ಆ ನಾಲ್ಕನ್ನೂ 7ರ ಹಿಂದೆ ತುರುಕಿತ್ತು. ಕಂಬಳಿ ನೇಯುವ ಹನ್ನೊಂದು ಜನ ಪಶುಪಾಲನೆಯ ವರ್ಗಕ್ಕೆ ಜಾರಿದ್ದರು. ಆ 11ರ ಸ್ಕೋರ್ 96. ಕೂಡಿಸುವುದರಲ್ಲಿ ಯಾರು ಯಾವ ಜಾಗದಲ್ಲಿ ಕೂತರೂ ಮೊತ್ತ ಒಂದೇ ತಾನೆ. ಚುಕ್ಕಿ ಒಂದೇ ಕಳೆದಿದ್ದರೆ ಗಂಡಿನದು ಹೆಣ್ಣಿನ ಕಾಲಂಗೆ ಹೋಗಿ ತಾಳೆ ಒಡೆಯುತ್ತಿತ್ತು. ಜೋಡಿಯಾಗಿ ಕಳೆದದ್ದರಿಂದ ಸದ್ದಿಲ್ಲದೆ ಕೂತಿತ್ತು.

ಹಾಗಾಗಿ ತಿದ್ದುವ ಮೊದಲು ರಿಪೇರಿ. ಕಾಲಂ ತಲೆಬರಹದ ಕೆಳಗೆ ಪ್ರತಿ ಪುಟದಲ್ಲೂ 1, 2, 3 ಎಂದು ಕಾಲಂ ಸಂಖ್ಯೆಗಳ ಒಂದು ಸಾಲು ಅಚ್ಚಾಗಿರುತ್ತದೆ. ಅದೇ ಗೂಟ. ಆ ಸಂಖ್ಯೆಗಳ ಅಡ್ಡ ಸ್ಥಾನ ತೆಗೆದುಕೊಂಡು, ಕೆಳಗಿನ ಪ್ರತಿ ಅಂಕಿಯನ್ನೂ ಅದರ ಬಲ ಅಂಚು ಯಾವ ಗೂಟಕ್ಕೆ ಹತ್ತಿರವೋ ಅಲ್ಲಿಗೆ ಕಟ್ಟಿದೆ. ಬಲ ಅಂಚೇ ಯಾಕೆ ಎಂದರೆ, ಅಚ್ಚಿನಲ್ಲಿ ಅಂಕಿಗಳು ಬಲಕ್ಕೆ ಒತ್ತಿ ನಿಂತಿರುತ್ತವೆ. 8ರ ಎಡ ಅಂಚೂ 1,208ರ ಎಡ ಅಂಚೂ ಬೇರೆ ಬೇರೆ, ಬಲ ಅಂಚು ಮಾತ್ರ ಒಂದೇ. ಪುಸ್ತಕದ ಹೊಲಿಗೆಯ ಕಡೆ ಪುಟ ಬಾಗಿ ಕಾಲಂಗಳು ಇಕ್ಕಟ್ಟಾಗಿದ್ದವು, ಗೂಟ ಆಯಾ ಪುಟದ್ದೇ ಆದದ್ದರಿಂದ ಅದೂ ಸರಿಹೋಯಿತು. `whitelist`ಗೆ ಚುಕ್ಕಿಯನ್ನೂ ಸೇರಿಸಿದೆ. ಈಗ ಎಷ್ಟು ಖಾಲಿ ಬಂತು ಎಂದು ಎಣಿಸುವ ಗೋಜೇ ಇಲ್ಲ, ಇದ್ದದ್ದು ಇದ್ದಲ್ಲಿ ಕೂರುತ್ತದೆ.

ಮತ್ತೆ ಓಡಿಸಿದೆ. 431 ಇದ್ದದ್ದು 137ಕ್ಕೆ ಇಳಿಯಿತು. ನೇಕಾರರು ಅವರವರ ಮನೆಗೆ ಮರಳಿದರು.

ಈ 137 ಸಾಲು ತಿದ್ದಲು ಮೂರು ಗಂಟೆ ಹಿಡಿಯಿತು. ಸಾಲು ಪೂರ್ತಿ ಓದಬೇಕಿರಲಿಲ್ಲ, ಒಡೆದ ಸಮೀಕರಣ ಯಾವುದೋ ಅದರ ಅಂಕಿಗಳನ್ನಷ್ಟೇ ನೋಡಿದರೆ ಸಾಕು. ಇಲ್ಲಿ ಒಂದು ಅಚ್ಚರಿ: ಹನ್ನೊಂದು ಸಾಲುಗಳಲ್ಲಿ ತಪ್ಪು ನನ್ನದೂ ಅಲ್ಲ, ಯಂತ್ರದ್ದೂ ಅಲ್ಲ. ಪುಸ್ತಕದಲ್ಲೇ ಹಾಗೆ ಅಚ್ಚಾಗಿದೆ, ಗಂಡು ಹೆಣ್ಣು ಕೂಡಿದರೆ ಒಟ್ಟು ಬರುವುದಿಲ್ಲ. ಅವನ್ನು ತಿದ್ದಲಿಲ್ಲ. ಅಚ್ಚಿನಲ್ಲಿದ್ದಂತೆ ಬಿಟ್ಟು ಪಕ್ಕದಲ್ಲಿ ಗುರುತು ಹಾಕಿದೆ. ತಾಳೆಯಾಗಲಿ ಎಂದು ನಾನೇ ಒಂದು ಅಂಕಿ ಬದಲಿಸಿದರೆ, ಮುಂದೆ ಯಾರಿಗೂ ಅದು ಗೊತ್ತಾಗುವುದಿಲ್ಲ.

ಆಮೇಲೆ ಉದ್ದದ ತಾಳೆ. ಎಂಟು ತಾಲ್ಲೂಕು, ವಿಸ್ತೀರ್ಣ ಬಿಟ್ಟು 33 ಕಾಲಂ, ಒಟ್ಟು 264 ಮೊತ್ತ. ಅದಕ್ಕೂ ಮೊದಲು ಹಳ್ಳಿಗಳ ಕ್ರಮಸಂಖ್ಯೆ ತುಂಡಾಗದೆ ಸಾಗಿದೆಯೇ ನೋಡಿಕೊಂಡೆ, ಯಾಕೆಂದರೆ ಇಡೀ ಸಾಲೇ ಕಳೆದಿದ್ದರೆ ಅದಕ್ಕೂ ಸ್ಕೋರ್ ಇರುವುದಿಲ್ಲ. ಮೂರು ಸಾಲು ಕಳೆದಿದ್ದವು, ಮೂರೂ ಬೇಚರಾಕ್ ಸಾಲಿನ ಕೆಳಗಿನವೇ.

264ರಲ್ಲಿ 58 ಮೊತ್ತ ಹೊಂದಲಿಲ್ಲ, ಹೆಚ್ಚಿನವು ಸಾಲಿನ ತಾಳೆಗೆ ಸಿಗದ ಆ ಕಾಲಂಗಳವೇ. ಒಂದು ತಾಲ್ಲೂಕಿನ ಒಂದು ಕಾಲಂ ಎಂದರೆ ಸರಾಸರಿ ನೂರೈವತ್ತು ಹಳ್ಳಿ. ಅದರಲ್ಲಿ ತಪ್ಪಿದ್ದು ಯಾವುದು? ಇಲ್ಲಿ ಸ್ಕೋರ್ ಮೊದಲ ಬಾರಿಗೆ ನಿಜವಾಗಿ ಉಪಯೋಗಕ್ಕೆ ಬಂತು. ಆ ಕಾಲಂನ ಸೆಲ್‌ಗಳನ್ನು ಸ್ಕೋರ್ ಕಡಿಮೆ ಇರುವುದರಿಂದ ಹೆಚ್ಚಿಗೆ ಜೋಡಿಸಿ, ಮೇಲಿನಿಂದ ನೋಡುತ್ತಾ ಹೋದೆ. ತಿದ್ದಿದಂತೆ ಮೊತ್ತ ಹೊಂದಿದ ಕ್ಷಣ ನಿಲ್ಲಿಸಿದೆ. 58ರಲ್ಲಿ 41 ಕಡೆ ಮೊದಲ ಹದಿನೈದು ಸೆಲ್ ಮುಗಿಯುವುದರೊಳಗೆ ತಪ್ಪು ಸಿಕ್ಕಿತು. ಎಲ್ಲಿ ಮೊದಲು ನೋಡಬೇಕು ಎಂದು ಹೇಳಲು ಸ್ಕೋರ್ ಗಟ್ಟಿಗ. ಎಲ್ಲಿ ನಿಲ್ಲಿಸಬೇಕು ಎಂದು ಹೇಳಲು ಅದಕ್ಕೆ ಬಾರದು, ಆ ಕೆಲಸ ಮೊತ್ತ ಮಾಡಿತು. 80 ಎಂಬ ಗೆರೆ ಎಳೆದಾಗ ನಾನು ಅದರ ಕೈಯಲ್ಲಿ ಎರಡನ್ನೂ ಮಾಡಿಸಲು ಹೊರಟಿದ್ದೆ.

ವ್ಯತ್ಯಾಸ ಎಷ್ಟು ಎಂಬುದೂ ಮಾತಾಡುತ್ತದೆ. ಇದೂ ಮಾವ ಹೇಳಿಕೊಟ್ಟದ್ದೇ, ಫೋನಿನಲ್ಲಿ: "ವ್ಯತ್ಯಾಸ ಒಂಬತ್ತರಿಂದ ಭಾಗ ಆಗ್ತದಾ ನೋಡು. ಆಗ್ತಿದ್ರೆ ಅಂಕಿ ತಿರುವುಮುರುವು ಆಗಿರ್ತದೆ ಕಣೋ." ಅದು ಕೈಯಲ್ಲಿ ಬರೆಯುವವರ ತಪ್ಪು, 67ಕ್ಕೆ 76 ಬರೆಯುವುದು. ಯಂತ್ರ ಹಾಗೆ ತಿರುವುವುದಿಲ್ಲ, ಅದರದು ಬೇರೆ ಜಾಡು. ವ್ಯತ್ಯಾಸ 5, 50 ಅಥವಾ 500 ಬಂದರೆ ಮೊದಲು 3 ಮತ್ತು 8 ಇರುವ ಸೆಲ್ ನೋಡು. 6 ಅಥವಾ 60 ಬಂದರೆ 1 ಮತ್ತು 7. ಒಂದು ಕಾಲಂನಲ್ಲಿ 900 ಕಡಿಮೆ ಬಂತು. ಸಾವಿರದಲ್ಲಿದ್ದ ಒಂದು ದೊಡ್ಡ ಊರಿನ ಅಂಕಿಯಲ್ಲಿ ಒಂದು ಸೊನ್ನೆ ಬಿದ್ದುಹೋಗಿತ್ತು, 1,000 ಇದ್ದದ್ದು 100 ಆಗಿತ್ತು. ಅದರ ಸ್ಕೋರ್ 93.

ಹದಿಮೂರು ಕಡೆ ಈ ಉಪಾಯ ನಡೆಯಲಿಲ್ಲ, ಕಾಲಂ ಪೂರ್ತಿ ಓದಬೇಕಾಯಿತು. ಹೆಚ್ಚಾಗಿ ಒಂದೇ ಕಾಲಂನಲ್ಲಿ ಎರಡು ಮೂರು ತಪ್ಪು ಸೇರಿಕೊಂಡು ವ್ಯತ್ಯಾಸವನ್ನು ಕಲಸಿಬಿಟ್ಟಿದ್ದವು. ಇನ್ನುಳಿದ ನಾಲ್ಕು ಕಾಲಂ ಪೂರ್ತಿ ಓದಿದ ಮೇಲೂ ಹೊಂದಲಿಲ್ಲ, ಪುಟದಲ್ಲಿರುವ ಅಂಕಿ ಪುಟದಲ್ಲಿರುವ ಮೊತ್ತಕ್ಕೇ ಹೊಂದುವುದಿಲ್ಲ. ಗುರುತು ಹಾಕಿ ಬಿಟ್ಟೆ. ಇಷ್ಟಕ್ಕೆ ಒಟ್ಟು ಐದು ಗಂಟೆ.

ವಿಸ್ತೀರ್ಣವನ್ನು ಬೇರೆ ಇಟ್ಟದ್ದಕ್ಕೆ ಕಾರಣ ಇದೆ. ಜನಗಣತಿ ಪುಸ್ತಕಗಳಲ್ಲಿ ಹಳ್ಳಿಯ ವಿಸ್ತೀರ್ಣ ಕಂದಾಯ ದಾಖಲೆಯಿಂದ ಬರುತ್ತದೆ, ಮೇಲಿನ ಹಂತದ ವಿಸ್ತೀರ್ಣಕ್ಕೆ ಮೂಲ ಬೇರೆ. ಹಳ್ಳಿಗಳನ್ನು ಕೂಡಿದರೆ ತಾಲ್ಲೂಕು ಬರಲೇಬೇಕು ಎಂದಿಲ್ಲ. ಅಂದರೆ ಈ ಒಂದು ಕಾಲಂಗೆ ಅಡ್ಡ ತಾಳೆಯೂ ಇಲ್ಲ, ಉದ್ದ ತಾಳೆಯೂ ಇಲ್ಲ. ಅದರ ಮೇಲೆ ದಶಾಂಶ ಚುಕ್ಕಿ ಬೇರೆ: 2.14 ಚದರ ಮೈಲಿ ಇದ್ದದ್ದು 214 ಆದರೂ ಸ್ಕೋರ್ ತೊಂಬತ್ತರ ಮೇಲೇ ಇರುತ್ತದೆ, ಅಂಕಿಗಳೆಲ್ಲ ಸ್ಪಷ್ಟವಾಗಿಯೇ ಇವೆಯಲ್ಲ. ಇಲ್ಲಿ ಪೂರ್ತಿ ಓದದೆ ಬೇರೆ ದಾರಿ ಇಲ್ಲ, ಓದಿದೆ. ಆದರೆ ಪುಟದ ಪಕ್ಕ ಪುಟ ಇಟ್ಟಲ್ಲ. ಪ್ರತಿ ಸೆಲ್ಲಿನ ಚಿತ್ರವನ್ನು ಕತ್ತರಿಸಿ, ಅದರ ಬಲಕ್ಕೆ ಯಂತ್ರ ಓದಿದ್ದನ್ನು ಅದೇ ಗಾತ್ರದಲ್ಲಿ ಬರೆದು, ಒಂದು ಪರದೆಗೆ ನಲವತ್ತರಂತೆ ಜೋಡಿಸಿದೆ. ಕಣ್ಣು ಅತ್ತಿಂದಿತ್ತ ಅಲೆಯಬೇಕಿಲ್ಲ. 1,180 ಸೆಲ್ ಒಂದೂವರೆ ಗಂಟೆಯಲ್ಲಿ ಮುಗಿಯಿತು, ನಡುವೆ ಎರಡು ಸಲ ಎದ್ದು ಕಾಫಿ. ದಶಾಂಶ ಕಳೆದುಕೊಂಡವು 43 ಸಿಕ್ಕವು.

ಇನ್ನು ಕೊಡಬಹುದೇ? ತಿದ್ದಿದವನೇ ಸರಿ ಎಂದರೆ ಹೇಗೆ. ಈ ಸಲ ಸ್ಕೋರನ್ನು ಕಣ್ಣೆತ್ತಿಯೂ ನೋಡದೆ, ಇಡೀ ಫೈಲಿನಿಂದ 400 ಸೆಲ್ ಆರಿಸಿ ಹೋಲಿಸಿದೆ. ತಪ್ಪು ಒಂದು. 400ರಲ್ಲಿ ಒಂದು ಎಂದರೆ ಶೇ 95ರ ಭರವಸೆಯಲ್ಲಿ ಉಳಿದ ತಪ್ಪಿನ ಪ್ರಮಾಣ ಹೆಚ್ಚೆಂದರೆ ಶೇ 1.4ರ ಆಸುಪಾಸು. ಸೊನ್ನೆ ಸಿಕ್ಕಿದ್ದರೂ ಶೇ ಒಂದರ ಹತ್ತಿರ ಎಂದೇ ಹೇಳಬೇಕಾಗುತ್ತಿತ್ತು.

ಆ ಒಂದು ತಪ್ಪು ಮಾತ್ರ ಬಿಡಲಿಲ್ಲ. ಪರಿಶಿಷ್ಟ ಪಂಗಡ, ಗಂಡು: ಪುಟದಲ್ಲಿ 14, ಫೈಲಿನಲ್ಲಿ ಖಾಲಿ. 14 ಎಲ್ಲಿ ಹೋಯಿತು ಎಂದು ನೋಡಿದರೆ ಮೇಲಿನ ಸಾಲಿನಲ್ಲಿ ಕೂತಿದೆ, ಅಲ್ಲಿ ಇರಬೇಕಾದದ್ದು ಚುಕ್ಕಿ. ಕಾಲಂ ಸರಿ, ಸಾಲು ತಪ್ಪು. ಸಾಲಿನ ತಾಳೆ ಆ ಕಾಲಂ ಮುಟ್ಟುವುದಿಲ್ಲ. ಕಾಲಂ ಮೊತ್ತ ಬದಲಾಗಿಲ್ಲ. ಸ್ಕೋರ್ 95. ನಾನು ಕಟ್ಟಿದ ಮೂರು ಬಲೆಯಲ್ಲೂ ನುಸುಳಿದ ಮೀನು.

ಹೇಗಾಯಿತು ಎಂದು ಪುಟ ದೊಡ್ಡದು ಮಾಡಿ ನೋಡಿದೆ. ಆ ಹಳ್ಳಿಯ ಹೆಸರು ಉದ್ದ, ಎರಡು ಸಾಲಿಗೆ ಮಡಚಿಕೊಂಡಿತ್ತು. ಅಂಕಿಗಳು ಎರಡನೆಯ ಸಾಲಿನ ಮಟ್ಟಕ್ಕೆ ಅಚ್ಚಾಗಿದ್ದವು, ಆದರೆ ಪುಟ ಸ್ವಲ್ಪ ವಾರೆಯಾಗಿದ್ದರಿಂದ ನಡುವಿನ ಕೆಲವು ಮೇಲಿನ ಹಳ್ಳಿಗೆ ಹತ್ತಿರವಾಗಿ ಕಂಡಿದ್ದವು. ಹೆಚ್ಚಿನ ಹಳ್ಳಿಗಳಲ್ಲಿ ಪಂಗಡದ ಕಾಲಂ ಚುಕ್ಕಿಯೇ ಆದ್ದರಿಂದ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದು ಕೂತರೂ ಜಗಳವೇ ಆಗುವುದಿಲ್ಲ.

ಹೆಸರು ಮಡಚಿಕೊಂಡ ಹಳ್ಳಿಗಳು ಎಷ್ಟಿವೆ ಎಂದು ತೆಗೆದೆ: 62. ಅವನ್ನೂ ಅವುಗಳ ಮೇಲಿನ ಕೆಳಗಿನ ಸಾಲನ್ನೂ, ತಾಳೆಗೆ ಸಿಗದ ಒಂಬತ್ತು ಕಾಲಂನ ಮಟ್ಟಿಗೆ, ಕಣ್ಣಾರೆ ಓದಿದೆ. ಇನ್ನೂ ಏಳು ಸಿಕ್ಕವು, ಆರು ಪಂಗಡದ ಕಾಲಂನಲ್ಲಿ, ಒಂದು ಪರಿಶಿಷ್ಟ ಜಾತಿಯದರಲ್ಲಿ.

ಮಾದರಿ ತೆಗೆದದ್ದು, ಸ್ಕ್ರಿಪ್ಟ್ ಬದಲಿಸಿದ್ದು ಎಲ್ಲ ಸೇರಿಸಿ ಹದಿನೆಂಟು ಗಂಟೆ ಆಗಿರಬಹುದು. ಫೈಲಿನಲ್ಲಿ ಪ್ರತಿ ಅಂಕಿಗೂ ಜೊತೆಗೊಂದು ಗುರುತು ಇಟ್ಟೆ: ಸಾಲಿನ ತಾಳೆಯಾದದ್ದು, ಕಾಲಂ ಮೊತ್ತಕ್ಕೆ ಮಾತ್ರ ಹೊಂದಿದ್ದು, ಕಣ್ಣಿನಿಂದ ಮಾತ್ರ ನೋಡಿದ್ದು, ಅಚ್ಚಿನಲ್ಲೇ ಹೊಂದದ್ದು. ಸ್ಕೋರ್ ಕಾಲಂ ತೆಗೆದುಹಾಕಿದೆ. ಅದನ್ನು ಬಿಟ್ಟಿದ್ದರೆ ಗೆಳತಿ 96 ನೋಡಿ ನೆಮ್ಮದಿಯಾಗುತ್ತಿದ್ದಳು. ಮನೆಗಸುಬಿನ ಕಾಲಂ ಅವಳು ಮೊದಲು ತೆರೆದು, ಆ ಹನ್ನೊಂದು ಜನ ಇದ್ದಾರೆಯೇ ಎಂದು ನೋಡಿದಳಂತೆ. ಹೆಂಗಸರ ಕಾಲಂನಲ್ಲಿ ಆರು ಜನವೂ ಇದ್ದರು.